ಹೊತ್ತು ತಿದ್ದುವವರಿಗೊಂದು ಪರೀಕ್ಷೆ

ನಮ್ಮ ಹೊಸೂರು ಸೀಮೆಯಲ್ಲಿ ಮನೆಯಲ್ಲೇ ಹುಟ್ಟಿದವರಿಗೆ ಗಡಿಯಾರದ ಹೊತ್ತೆಲ್ಲಿಯದು? 'ಹಾಲು ಕರೆಯೋ ಹೊತ್ತು' ಅಂತಾರೆ. ಐದೂ ಆಗಬಹುದು, ಏಳೂ ಆಗಬಹುದು. ಜೋಯಿಸರು ಮದುವೆ, ಮಕ್ಕಳು, ಸಾವು ಯಾವಾಗ ಅಂತ ಕೇಳಿ, ಅದಕ್ಕೆ ಹೊಂದುವ ಹೊತ್ತು ಬರೆಯುತ್ತಾರೆ. ಇದನ್ನು ಹುಡುಕಿದ್ದು ಅನ್ನಲು ನಾನು ಒಪ್ಪೆ.

ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು 24 ಗಂಟೆ. ಭರಣಿಯಾದರೆ ಅಷ್ಟರಲ್ಲಿ ಶುಕ್ರದಶೆಯ 20 ವರ್ಷ ಸವೆಯುತ್ತದೆ, ಗಂಟೆಗೆ 10 ತಿಂಗಳು. ಐದಕ್ಕೆ ಹುಟ್ಟಿದ ಹೆಣ್ಣಿಗೆ ಶುಕ್ರದಶೆ 12 ವರ್ಷ ಉಳಿದಿದ್ದರೆ, ಏಳಕ್ಕೆ ಹುಟ್ಟಿದ್ದರೆ ಉಳಿಯೋದು 10 ವರ್ಷ 4 ತಿಂಗಳು. ಆಮೇಲೆ ರವಿದಶೆ 6 ವರ್ಷ, ಅದಾದ ಮೇಲೆ ಚಂದ್ರದಶೆ. 21ಕ್ಕೆ ಮದುವೆಯಾಗಿದ್ದರೆ ಐದರ ಲೆಕ್ಕದಲ್ಲಿ ಗುರುಭುಕ್ತಿ, ಏಳರ ಲೆಕ್ಕದಲ್ಲಿ ಶನಿಭುಕ್ತಿ. ಗುರು ಮಂಗಳ ಕೊಟ್ಟ ಅಂತ ಐದನ್ನು ಹಿಡಿಯಬಹುದು. ಲಗ್ನ ಕರ್ಕವಾದರೆ ಶನಿಯೇ ಏಳನೇ ಮನೆಯ ಒಡೆಯ ಅಂತ ಏಳನ್ನೂ ಹಿಡಿಯಬಹುದು. ಎರಡಕ್ಕೂ ಕಾರಣ ಸಿದ್ಧ!

ಇದು ಬರೀ ಲೆಕ್ಕದ ಜಗಳವಲ್ಲ. ಗಂಡ ಸತ್ತ ವರ್ಷವನ್ನು ಕೇಳಿಕೊಂಡೇ ಲಗ್ನ ಹಿಡಿದು, ಆ ಲಗ್ನದಿಂದ ಎಂಟರಲ್ಲಿ ಕುಜನನ್ನು ತೋರಿಸಿ, 'ನಿನ್ನ ಜಾತಕವೇ ಗಂಡನ್ನ ತಿಂತು' ಅಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ಸಾವೇ ಜಾತಕ ಬರೆಸಿತು, ಜಾತಕ ಸಾವಿಗೆ ಸಾಕ್ಷಿಯಾಯಿತು!

ಘಟನೆ ಹೆಚ್ಚಾದರೆ ಹೊತ್ತು ಬಿಗಿಯಾಗುತ್ತಲ್ಲ ಅಂತೀರಾ? ಸರಿ, ಐದರಲ್ಲಿ ಮೂರೇ ಹೇಳಿ, ಎರಡನ್ನು ಮುಚ್ಚಿಡಿ. ಹೊತ್ತನ್ನು ಕಾಗದದ ಮೇಲೆ ಬರೆಸಿಕೊಂಡ ಮೇಲೆ, ಆ ಎರಡು ಯಾವ ವರ್ಷ, ಯಾವ ತಿಂಗಳು ಆದವು ಅಂತ ಜೋಯಿಸರನ್ನೇ ಕೇಳಿ.