ಉಪ್ಪನೋ, ಉಮ್ಮನೋ? ಮಗುವಿಗೆ ಹಾಕಬಾರದ ಪ್ರಶ್ನೆ

ಜಮಾಅತ್ ಕಚೇರಿಯಲ್ಲಿ ಹತ್ತು ಹನ್ನೆರಡು ಮಂದಿ ಹಿರಿಯರು ಕುಳಿತಿದ್ದಾರೆ. ಒಂದು ಬದಿಯಲ್ಲಿ ಗಲ್ಫಿನಿಂದ ರಜೆಯಲ್ಲಿ ಬಂದಿರುವ ತಂದೆ ಮತ್ತು ಆತನ ಸಹೋದರರು. ಇನ್ನೊಂದು ಬದಿಯಲ್ಲಿ ತಾಯಿಯ ಕಡೆಯ ಗಂಡಸರು. ತಾಯಿ ಮನೆಯಲ್ಲಿದ್ದಾಳೆ. ನಡುವೆ ಒಂಬತ್ತರ ಹುಡುಗನನ್ನು ನಿಲ್ಲಿಸಿ, 'ಹೇಳು ಮಗಾ, ನಿನಗೆ ಉಪ್ಪ ಬೇಕೋ, ಉಮ್ಮ ಬೇಕೋ?' ಎಂದು ಕೇಳಲಾಗುತ್ತದೆ. ಹುಡುಗ ಒಮ್ಮೆ ಎಲ್ಲರ ಮುಖ ನೋಡಿ ತಲೆ ತಗ್ಗಿಸಿ 'ಉಪ್ಪ' ಎನ್ನುತ್ತಾನೆ. 'ಮಗುವೇ ಹೇಳಿಯಾಯಿತಲ್ಲ' ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಕರಾವಳಿಯ ಓದುಗರಿಗೆ ಈ ದೃಶ್ಯ ಅಪರಿಚಿತವಾಗಿರಲಾರದು.

ಮಗುವನ್ನು ಕೇಳಬಾರದೆಂದು ನಾವು ವಾದಿಸುತ್ತಿಲ್ಲ. ಕೇಳದಿರುವುದು ಇನ್ನೂ ದೊಡ್ಡ ಅನ್ಯಾಯ. ಗಂಡು ಮಗು ಏಳು ವರ್ಷದ ತನಕ, ಹೆಣ್ಣು ಮಗು ಪ್ರಾಯಕ್ಕೆ ಬರುವ ತನಕ ತಾಯಿಯ ಪಾಲನೆಯಲ್ಲಿರಬೇಕು, ಅನಂತರ ತಂದೆಯ ಬಳಿ ಹೋಗಬೇಕು ಎಂಬ ಹನಫಿ ಪಂಥದ ನಿಯಮವನ್ನು ಕ್ಯಾಲೆಂಡರ್ ನೋಡಿ ಜಾರಿಗೊಳಿಸುವವರು ನಮ್ಮಲ್ಲಿದ್ದಾರೆ. ಆದರೆ ಕರಾವಳಿಯ ಬಹುಪಾಲು ಮುಸ್ಲಿಮರು ಅನುಸರಿಸುವ ಶಾಫಿಈ ಪಂಥದಲ್ಲಿ, ಮಗು ವಿವೇಚನೆಯ ವಯಸ್ಸಿಗೆ, ಅಂದರೆ ಸುಮಾರು ಏಳಕ್ಕೆ ಬಂದಾಗ ಆಯ್ಕೆಯ ಅವಕಾಶವನ್ನು ಅದಕ್ಕೇ ಕೊಡಲಾಗಿದೆ. ಇದಕ್ಕೆ ಆಧಾರವಾಗಿರುವುದು ಅಬೂದಾವೂದ್ ಸಂಗ್ರಹದಲ್ಲಿರುವ ಪ್ರಸಿದ್ಧ ಹದೀಸ್. ತನಗೆ ಬಾವಿಯಿಂದ ನೀರು ತಂದುಕೊಡುವ ಮಗನನ್ನು ಪತಿ ಒಯ್ಯಲು ಬಯಸುತ್ತಿದ್ದಾನೆಂದು ಮಹಿಳೆಯೊಬ್ಬರು ದೂರಿದಾಗ, ಪ್ರವಾದಿವರ್ಯರು(ಸ) ಹುಡುಗನಿಗೆ ತಂದೆ ತಾಯಿ ಇಬ್ಬರನ್ನೂ ತೋರಿಸಿ ಇಷ್ಟವಿದ್ದವರ ಕೈ ಹಿಡಿಯುವಂತೆ ಹೇಳಿದರು. ಹುಡುಗ ತಾಯಿಯ ಕೈ ಹಿಡಿದನು.

ಹಾಗಾದರೆ ಜಮಾಅತ್ ಮಾಡುತ್ತಿರುವುದೂ ಅದನ್ನೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಅಲ್ಲಿ ತಾಯಿ ಎದುರಿಗಿದ್ದು ತನ್ನ ಮಾತನ್ನು ತಾನೇ ಹೇಳಿದ್ದಳು. ಕೇಳಿದವರ ಮೇಲೆ ಇಬ್ಬರಿಗೂ ಸಂಪೂರ್ಣ ಭರವಸೆಯಿತ್ತು. ಇಲ್ಲಿ ತಾಯಿ ಕೋಣೆಯಲ್ಲೇ ಇಲ್ಲ, ಹುಡುಗ ಎರಡು ತಿಂಗಳಿಂದ ತಂದೆಯ ಮನೆಯಲ್ಲೇ ಇದ್ದಾನೆ, ಅವನನ್ನು ಸಭೆಗೆ ಕರೆತಂದದ್ದೂ ಚಿಕ್ಕಪ್ಪನ ಬೈಕಿನಲ್ಲಿ. ಹದೀಸಿನ ಹೊರರೂಪವನ್ನು ಹಿಡಿದು ಒಳತಿರುಳನ್ನು ಕೈಬಿಡುವುದೆಂದರೆ ಇದೇ.

ದೇಶದ ಕಾನೂನು ಏನು ಹೇಳುತ್ತದೆ? 1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮದ 17ನೆಯ ಸೆಕ್ಷನ್, ವಿವೇಚನೆಯಿಂದ ಇಷ್ಟವನ್ನು ಹೇಳಬಲ್ಲಷ್ಟು ದೊಡ್ಡದಾದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು ಎನ್ನುತ್ತದೆ. ಎಷ್ಟು ವಯಸ್ಸೆಂದು ಹೇಳಿಲ್ಲ. 'ಪರಿಗಣಿಸಬಹುದು' ಎಂದಿದೆಯೇ ಹೊರತು 'ಪಾಲಿಸಬೇಕು' ಎಂದಿಲ್ಲ. ಮಗುವಿನ ಹಿತವೇ ಕೊನೆಯ ಅಳತೆಗೋಲು. ಇಚ್ಛೆ ಮತ್ತು ಹಿತ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬಲ್ಲಿಯೇ ನ್ಯಾಯಾಧೀಶರ ನಿಜವಾದ ಕೆಲಸ ಆರಂಭವಾಗುತ್ತದೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಇದರ ಎರಡು ಮುಖಗಳನ್ನು ತೋರಿಸುತ್ತವೆ. 2008ರ ಪ್ರಕರಣದಲ್ಲಿ ತಾಯಿ ಮೃತಪಟ್ಟಿದ್ದಳು, ಆ ಸಾವಿಗೆ ಸಂಬಂಧಿಸಿದಂತೆ ತಂದೆಯ ಮೇಲೆಯೇ ಕ್ರಿಮಿನಲ್ ಮೊಕದ್ದಮೆಯಿತ್ತು. ಆದರೂ ಕೆಳಗಿನ ನ್ಯಾಯಾಲಯಗಳು ಮಗುವನ್ನು ತಂದೆಗೆ ಒಪ್ಪಿಸಿದ್ದವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಬಾಲಕನನ್ನು ತಮ್ಮ ಕೊಠಡಿಗೆ ಕರೆದು ಮಾತಾಡಿಸಿದಾಗ ಅವನು ತಂದೆಯ ಬಳಿ ಹೋಗಲು ಸ್ಪಷ್ಟವಾಗಿ ನಿರಾಕರಿಸಿದನು. ಮಗು ಅಜ್ಜ ಅಜ್ಜಿಯ ಬಳಿಯೇ ಉಳಿಯಿತು. 1982ರ ಪ್ರಕರಣದಲ್ಲಿಯೂ ಬಾಲಕಿಯೊಬ್ಬಳನ್ನು ಕೊಠಡಿಯಲ್ಲಿಯೇ ಮಾತಾಡಿಸಲಾಗಿತ್ತು. ಅವಳ ಒಲವು ತಂದೆಯ ಕಡೆಗಿತ್ತು. ಆದರೆ ತಾಯಿಯ ವಿರುದ್ಧ ಅವಳ ಮನಸ್ಸನ್ನು ಕೆಡಿಸಲಾಗಿದೆ ಎಂಬುದನ್ನು ಮನಗಂಡ ನ್ಯಾಯಾಲಯ ಆ ಮಾತಿಗೆ ತೂಕ ಕೊಡದೆ ತಾಯಿಯ ಪರವಾಗಿ ತೀರ್ಪಿತ್ತಿತು. ಎರಡೂ ಕಡೆ ಮಗುವನ್ನು ಕೇಳಲಾಗಿದೆ. ಉತ್ತರದ ಹಿಂದೆ ಏನಿದೆ ಎಂಬುದನ್ನೂ ನೋಡಲಾಗಿದೆ.

ಅದನ್ನು ನೋಡುವುದು ಹೇಗೆ? ನಮ್ಮ ಒಂಬತ್ತರ ಹುಡುಗ ಜಮಾಅತ್ತಿನ ಬದಲು ಕೌಟುಂಬಿಕ ನ್ಯಾಯಾಲಯಕ್ಕೆ ಬಂದನೆಂದು ಭಾವಿಸೋಣ. ನ್ಯಾಯಾಧೀಶರು ತಂದೆ, ತಾಯಿ, ವಕೀಲರು ಎಲ್ಲರನ್ನೂ ಹೊರಗಿರಿಸಿ, ಪೀಠದಿಂದಿಳಿದು ಹುಡುಗನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತಾರೆ: ತೀರ್ಮಾನ ಮಾಡುವವನು ನಾನು, ನೀನಲ್ಲ, ನೀನು ಏನೇ ಹೇಳಿದರೂ ತಪ್ಪಾಗುವುದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರನ್ನು ಸೋಲಿಸಿದೆನೆಂಬ ಹೊರೆ ಮಗುವಿನ ಹೆಗಲಿನಿಂದ ಇಳಿಯುವುದು ಈ ಮಾತಿನಿಂದಲೇ.

'ಯಾರು ಬೇಕು' ಎಂಬ ಪ್ರಶ್ನೆಯೇ ಬರುವುದಿಲ್ಲ. ಬೆಳಿಗ್ಗೆ ಎಬ್ಬಿಸುವವರು ಯಾರು? ಜ್ವರ ಬಂದಾಗ ರಾತ್ರಿ ಪಕ್ಕದಲ್ಲಿ ಮಲಗಿದ್ದವರು ಯಾರು? ಶಾಲೆಯಲ್ಲಿ ಹೊಡೆದಾಟವಾದರೆ ಮನೆಯಲ್ಲಿ ಯಾರಿಗೆ ಹೇಳುತ್ತೀಯಾ? ಹೀಗೆ ಅರ್ಧ ಗಂಟೆ ಮಾತು ಸಾಗಿದಾಗ ಹುಡುಗನ 'ಉಪ್ಪ' ಎಂಬ ಉತ್ತರ ಬಿಚ್ಚಿಕೊಳ್ಳುತ್ತದೆ. ಉಪ್ಪ ಸೈಕಲ್ ಕೊಡಿಸಿದ್ದಾರೆ. ಉಮ್ಮನ ಹೆಸರು ಹೇಳಿದರೆ ಉಪ್ಪ ಇನ್ನು ಊರಿಗೇ ಬರುವುದಿಲ್ಲವೆಂದು ಚಿಕ್ಕಪ್ಪ ಹೇಳಿದ್ದಾರೆ. ರಜೆ ಮುಗಿದು ಉಪ್ಪ ಹೋದ ಮೇಲೆ ಅಜ್ಜಿಯ ಜೊತೆ ಇರಬೇಕು, ಅಜ್ಜಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಹುಡುಗ ಸುಳ್ಳು ಹೇಳಿರಲಿಲ್ಲ. ಅವನಿಗೆ ತಂದೆ ನಿಜವಾಗಿಯೂ ಬೇಕು. ಆದರೆ ತೀರ್ಮಾನವಾಗಬೇಕಿದ್ದುದು ತಂದೆಯೋ ತಾಯಿಯೋ ಎಂಬುದಲ್ಲ, ತಾಯಿಯೋ ಅಜ್ಜಿಯೋ ಎಂಬುದು. ಆ ಪ್ರಶ್ನೆಯನ್ನು ಜಮಾಅತ್ತಿನಲ್ಲಿ ಯಾರೂ ಕೇಳಿರಲಿಲ್ಲ.

ಹೇಳಿಕೊಟ್ಟ ಮಾತನ್ನು ಗುರುತಿಸುವುದಕ್ಕೂ ದಾರಿಗಳಿವೆ. ಒಂಬತ್ತರ ಮಗು 'ಮಾನಸಿಕ ಕಿರುಕುಳ' ಎಂದರೆ ಅದು ವಕೀಲರ ನೋಟೀಸಿನ ಪದ. ತಾನು ಎರಡು ವರ್ಷದವನಿದ್ದಾಗ ನಡೆದುದನ್ನು ಕಣ್ಣಾರೆ ಕಂಡಂತೆ ಹೇಳಿದರೆ, 'ಆಮೇಲೆ ಏನಾಯಿತು' ಎಂದು ಕೇಳಿದಾಗ ಅದೇ ವಾಕ್ಯವನ್ನು ಮತ್ತೊಮ್ಮೆ ಒಪ್ಪಿಸಿದರೆ, ಎಚ್ಚರ ವಹಿಸಬೇಕು. ಒಂದೇ ಭೇಟಿಯಲ್ಲಿ ಇದು ತಿಳಿಯಲಾರದು. ಮಗು ಕೆಲವು ದಿನ ಇನ್ನೊಬ್ಬರ ಜೊತೆಗಿದ್ದ ಬಳಿಕ, ಅವರೇ ಕರೆತಂದಾಗ ಮತ್ತೊಮ್ಮೆ ಮಾತಾಡಿಸುವುದು ಲೇಸು. ಹಾಗೆಂದು ಮಗು ಒಬ್ಬರನ್ನು ನಿರಾಕರಿಸಿದಾಗಲೆಲ್ಲ ತಲೆ ಕೆಡಿಸಲಾಗಿದೆ ಎಂದು ಷರಾ ಬರೆಯುವುದೂ ತಪ್ಪು. 2024ರಲ್ಲಿ ಸುಪ್ರೀಂ ಕೋರ್ಟ್ ಇಂತಹ ಅವಸರದ ಹಣೆಪಟ್ಟಿಯ ವಿರುದ್ಧವೇ ಎಚ್ಚರಿಸಿದೆ. ಹೊಡೆತ ತಿಂದ ಮಗುವಿನ ಭಯಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾಷೆಯ ತೊಡಕೂ ಇದೆ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ನ್ಯಾಯಾಧೀಶರಿಗೆ ಬ್ಯಾರಿ ಭಾಷೆ ಬಾರದು. ಮಗು ಶಾಲೆಯ ಕನ್ನಡದಲ್ಲಿ ಪಾಠ ಒಪ್ಪಿಸಿದಂತೆ ಉತ್ತರಿಸುತ್ತದೆ. ಆಗ ಅನುವಾದಕ್ಕೆ ಸಂಬಂಧಿಕರನ್ನು ಒಳಗೆ ಕರೆಯುವುದು ಇಡೀ ಭೇಟಿಯನ್ನೇ ವ್ಯರ್ಥಗೊಳಿಸಿದಂತೆ. 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮ ಆಪ್ತಸಮಾಲೋಚಕರಿಗೂ ತಜ್ಞರ ನೆರವಿಗೂ ಅವಕಾಶವಿತ್ತಿದೆ. ಮಗುವಿನ ಮನೆಮಾತು ಬಲ್ಲ ಸಮಾಲೋಚಕರನ್ನು ಒದಗಿಸಬೇಕೆಂದು ವಕೀಲರು ಅರ್ಜಿ ಹಾಕಬೇಕು.

ಕೊಠಡಿಯೊಳಗಿನ ಮಾತನ್ನು ತಂದೆ ತಾಯಿ ಪಾಟೀಸವಾಲಿಗೆ ಒಳಪಡಿಸಲಾರರು. ಆದುದರಿಂದ ಅದೊಂದರ ಮೇಲೆಯೇ ತೀರ್ಪು ನಿಲ್ಲಬಾರದು; ಶಾಲೆಯ ಹಾಜರಿ, ವೈದ್ಯರ ಚೀಟಿ, ನೆರೆಯವರ ಸಾಕ್ಷ್ಯ ಅದಕ್ಕೆ ಹೊಂದಬೇಕು. ಮೇಲ್ಮನವಿಯ ನ್ಯಾಯಾಲಯಕ್ಕೆ ತಿಳಿಯುವಷ್ಟು ಸಾರಾಂಶ ಆದೇಶದಲ್ಲಿರಲಿ. 'ಅಜ್ಜಿಗೆ ಕಣ್ಣು ಕಾಣಿಸುವುದಿಲ್ಲ' ಎಂಬಂತಹ ಮಾತನ್ನು ಮಗುವಿನ ಬಾಯಿಂದಲೇ ಬಂದಂತೆ ಬರೆದರೆ, ಹುಡುಗ ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿಯುವುದು ಹೇಗೆ?

ಜಮಾಅತ್ತುಗಳ ಹೊಣೆಗಾರರಲ್ಲಿ ನಾವು ಕೇಳುವುದಿಷ್ಟು. ಮಹರ್, ಒಡವೆ, ಜೀವನಾಂಶದ ವಿಷಯದಲ್ಲಿ ಸಂಧಾನ ನಡೆಸಿರಿ. ಆದರೆ ಮಗುವನ್ನು ಸಭೆಯ ನಡುವೆ ನಿಲ್ಲಿಸಬೇಡಿರಿ. ಅದರ ಮನಸ್ಸನ್ನು ತಿಳಿಯಲೇಬೇಕಾದರೆ ಎರಡೂ ಕುಟುಂಬಗಳಿಗೆ ಸೇರದ, ಮಗು ನೆಚ್ಚುವ ಉಸ್ತಾದರನ್ನೋ ಶಾಲೆಯ ಶಿಕ್ಷಕಿಯನ್ನೋ ಒಬ್ಬರನ್ನೇ ಕಳುಹಿಸಿರಿ. ತಾಯಿಯನ್ನು ಮನೆಯಲ್ಲಿ ಕೂರಿಸದೆ ಸಭೆಗೆ ಕರೆಯಿರಿ. ಅಷ್ಟೂ ಸಾಧ್ಯವಿಲ್ಲವೆಂದಾದರೆ ಪ್ರಕರಣವನ್ನು ನ್ಯಾಯಾಲಯಕ್ಕೆ ಬಿಟ್ಟುಕೊಡಿರಿ.