ನಾಲ್ಕು ಗಂಟೆ ಓವರ್‌ಲ್ಯಾಪ್ ಅಂದ್ರೆ ಯಾವ ನಾಲ್ಕು ಗಂಟೆ?

ಹೋದ ಜುಲೈನಲ್ಲಿ ಕಾಲೇಜಿನ ಜೂನಿಯರ್ ಒಬ್ಬ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ರಿಮೋಟ್ ಕೆಲಸದ ಪೋಸ್ಟ್, ಅರ್ಧ ನಿಮಿಷದಲ್ಲಿ ಓದಿ ಮುಗಿಯುವಷ್ಟು. ಬ್ಯಾಕೆಂಡ್ ಎಂಜಿನಿಯರ್ ಬೇಕು. ಪೆಸಿಫಿಕ್ ಟೈಮ್ ಜೊತೆ ಕನಿಷ್ಠ 4 ಗಂಟೆ ಓವರ್‌ಲ್ಯಾಪ್. ಸ್ಲ್ಯಾಕ್, ಗಿಟ್‌ಹಬ್, ಲೀನಿಯರ್, ಪೇಜರ್‌ಡ್ಯೂಟಿ ಬಳಸುತ್ತೇವೆ. ಓವರ್‌ಲ್ಯಾಪ್ ಹೊತ್ತಲ್ಲಿ ಒಂದು ಗಂಟೆಯೊಳಗೆ ಉತ್ತರ, ಉಳಿದಂತೆ 24 ಗಂಟೆಯೊಳಗೆ. ಕೆಳಗೆ ಅವನ ಪ್ರಶ್ನೆ: "ಅಣ್ಣಾ, ಅಪ್ಲೈ ಮಾಡ್ಲಾ? ನಾಲ್ಕೇ ಗಂಟೆ ಅಲ್ವಾ."

ಅವನಿರೋದು ಹಾಸನದಲ್ಲಿ. ಹೆಂಡತಿ ಟೀಚರ್, ಬೆಳಗ್ಗೆ ಏಳೂವರೆಗೆ ಬಸ್ ಹಿಡೀಬೇಕು. ಅಲ್ಲಿಂದ ಒಂಬತ್ತು ತಿಂಗಳ ಮಗು ಇವನ ಪಾಲು. ಹಾಗಾಗಿ "ನಾಲ್ಕೇ ಗಂಟೆ" ಅನ್ನೋದನ್ನ ಗಡಿಯಾರದ ಮೇಲೆ ಇಟ್ಟು ನೋಡೋಣ ಅಂದೆ.

ಬೇಸಿಗೆಯಲ್ಲಿ ಪೆಸಿಫಿಕ್ ಸಮಯ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅವರ ಬೆಳಗ್ಗೆ 9 ಅಂದರೆ ನಮ್ಮ ರಾತ್ರಿ 9:30. ಅಲ್ಲಿಂದ ನಾಲ್ಕು ಗಂಟೆ ಎಣಿಸಿದರೆ 1:30. ಮಲಗೋದು ಎರಡಕ್ಕೆ, ಮಗು ಏಳೋದು ಐದೂವರೆಗೆ.

ಇಷ್ಟಕ್ಕೇ ಮುಗಿಯಲ್ಲ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್‌ನ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ನಮ್ಮಲ್ಲಿ ಆ ಪದ್ಧತಿ ಇಲ್ಲದ್ದರಿಂದ ಇದು ಹೊಳೆಯೋದೇ ಇಲ್ಲ. ಜುಲೈನ ಇಂಟರ್‌ವ್ಯೂನಲ್ಲಿ ಒಪ್ಪಿಕೊಂಡ ಅದೇ ಕೆಲಸ ನವೆಂಬರ್‌ನಲ್ಲಿ ರಾತ್ರಿ 10:30ರಿಂದ 2:30 ಆಗಿರುತ್ತೆ, ನಾಲ್ಕು ತಿಂಗಳಿಗೂ ಹೆಚ್ಚು. ನೋಡ್ಕೊಳ್ಳೋಕೆ ಸುಲಭದ ದಾರಿ: ಗೂಗಲ್ ಕ್ಯಾಲೆಂಡರ್‌ನಲ್ಲಿ ಪ್ರತಿದಿನ ಬರುವ ಒಂದು ಮೀಟಿಂಗ್ ಹಾಕಿ, ಅದರ ಟೈಮ್ ಝೋನ್ ಲಾಸ್ ಏಂಜಲೀಸ್ ಅಂತ ಕೊಡಿ, ಆಮೇಲೆ ನವೆಂಬರ್‌ನ ಎರಡನೇ ವಾರಕ್ಕೆ ಹೋಗಿ ನೋಡಿ. ಊರಿನ ಹೆಸರು ಕೊಡೋದು ಮುಖ್ಯ. ಕೆಲವು ಪೋಸ್ಟ್‌ಗಳಲ್ಲಿ ಜುಲೈನಲ್ಲೂ "ಇಎಸ್‌ಟಿ" ಅಂತ ಬರೆದಿರ್ತಾರೆ. ಅದು ಚಳಿಗಾಲದ ಸಮಯದ ಹೆಸರು, ಅವರ ಮನಸ್ಸಲ್ಲಿರೋದು ನ್ಯೂಯಾರ್ಕ್ ಗಡಿಯಾರ. ಅಕ್ಷರಶಃ ತಗೊಂಡರೆ ಇಂಟರ್‌ವ್ಯೂಗೆ ಒಂದು ಗಂಟೆ ತಡವಾಗಿ ಹೋಗ್ತೀರಿ.

ವಾರದ ಲೆಕ್ಕವೂ ಸರಿಯುತ್ತೆ. ಅವರ ಸೋಮವಾರ ಬೆಳಗ್ಗೆ ನಮ್ಮ ಸೋಮವಾರ ರಾತ್ರಿ, ಆದ್ದರಿಂದ ಸೋಮವಾರ ಹಗಲು ಆರಾಮ. ಬದಲಿಗೆ ಶುಕ್ರವಾರ ರಾತ್ರಿ ಹೋಯ್ತು, ಶನಿವಾರಕ್ಕೆ ಕಾಲಿಟ್ಟ ಮೇಲೇ ಲ್ಯಾಪ್‌ಟಾಪ್ ಮುಚ್ಚೋದು.

ಆದರೆ ಪೋಸ್ಟ್‌ನಲ್ಲಿ ಯಾವ ನಾಲ್ಕು ಗಂಟೆ ಅಂತ ಬರೆದೇ ಇರಲಿಲ್ಲ. ಟೀಮಿನಲ್ಲಿ ಬೆಳಗ್ಗೆ ಏಳಕ್ಕೇ ಕೂರುವವರಿದ್ದರೆ ನಮಗೆ ರಾತ್ರಿ 7:30ರಿಂದ 11:30. ಸಂಸಾರಸ್ಥರಿಗೆ ಈ ಎರಡು ಗಂಟೆ ವ್ಯತ್ಯಾಸ ಸಣ್ಣದಲ್ಲ.

ಟೂಲ್‌ಗಳ ಪಟ್ಟಿಯನ್ನ ಅವನು ನೋಡಿಯೂ ಇರಲಿಲ್ಲ, "ಎಲ್ಲಾ ಗೊತ್ತಿರೋವೇ" ಅಂದ. ನನ್ನ ಕಣ್ಣು ನಿಂತದ್ದು ಪೇಜರ್‌ಡ್ಯೂಟಿ ಮೇಲೆ. ಸರ್ವರ್ ಬಿದ್ದರೆ ಆನ್-ಕಾಲ್ ಇರುವವರ ಫೋನ್ ಹೊಡೆಯೋಕೆ ಇರೋ ಟೂಲ್ ಅದು. ನಿಗದಿಯಾದ ನಿಮಿಷಗಳಲ್ಲಿ ಎತ್ತದಿದ್ದರೆ ಮುಂದಿನವರಿಗೆ ಹೋಗುವಂತೆ ಇಟ್ಟಿರ್ತಾರೆ. 24 ಗಂಟೆಯೊಳಗೆ ಉತ್ತರ ಕೊಟ್ಟರೆ ಸಾಕು ಅನ್ನುವ ಪೋಸ್ಟ್‌ನಲ್ಲಿ ಇದೇಕೆ? ಹಗಲಿನ ಆನ್-ಕಾಲ್ ಮಾತ್ರ ಆದರೆ ನಮಗೇ ಅನುಕೂಲ: ಅವರ ನಡುರಾತ್ರಿಯಿಂದ ಬೆಳಗ್ಗೆ ಎಂಟರವರೆಗೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 12:30ರಿಂದ ರಾತ್ರಿ 8:30. ಅವರು ನಿದ್ದೆ ಮಾಡಲಿ, ನಾವು ನೋಡ್ಕೊಳ್ಳೋಣ. ಇಡೀ ವಾರ ಒಬ್ಬರ ಮೇಲೇ ಇದ್ದರೆ ಕತೆ ಬೇರೆ.

ಅಪ್ಲೈ ಮಾಡೋ ಮೊದಲೇ ಮೂರು ಸಾಲಿನ ಮೇಲ್ ಹಾಕು ಅಂದೆ. ನಿಮ್ಮ ಗಡಿಯಾರದಲ್ಲಿ ಸ್ಟ್ಯಾಂಡಪ್ ಎಷ್ಟಕ್ಕೆ, ಓವರ್‌ಲ್ಯಾಪ್ ಏಳಕ್ಕೇ ಶುರು ಮಾಡಬಹುದಾ? ಆನ್-ಕಾಲ್ ಎಷ್ಟು ವಾರಕ್ಕೊಮ್ಮೆ, ಯಾವ ಹೊತ್ತು? 24 ಗಂಟೆಯಲ್ಲಿ ಶನಿವಾರ, ಭಾನುವಾರ ಸೇರುತ್ತಾ? ಹೀಗೆ ಕೇಳಿದ್ರೆ ಕೆಲಸಗಳ್ಳ ಅನ್ಕೊಳ್ಳಲ್ವಾ ಅಂತ ಅವನ ಅಳುಕು. ನನಗೆ ಹಾಗನ್ನಿಸಲ್ಲ. ರಿಮೋಟ್ ಟೀಮಿನಲ್ಲಿ ಅರ್ಧ ಕೆಲಸವೇ ಹೀಗೆ ಬರೆದು ಕೇಳೋದು.

ಮರುದಿನ ಉತ್ತರ ಬಂತು. ಸೋಮವಾರದಿಂದ ಗುರುವಾರ 8:30ಕ್ಕೆ ಸ್ಟ್ಯಾಂಡಪ್, ಅಂದರೆ ನಮಗೆ ರಾತ್ರಿ 9, ಚಳಿಗಾಲದಲ್ಲಿ 10. ಏಳಕ್ಕೆ ಶುರು ಮಾಡಿದರೆ ತೊಂದರೆಯಿಲ್ಲ. ವಾರಾಂತ್ಯ ಲೆಕ್ಕಕ್ಕಿಲ್ಲ. ಆದರೆ ಆರು ವಾರಕ್ಕೊಮ್ಮೆ ಒಂದು ಇಡೀ ವಾರ ಆನ್-ಕಾಲ್, ಹಗಲು ರಾತ್ರಿ ಎರಡೂ.

ಅವನು ಹೆಂಡತಿ ಮುಂದೆ ಕ್ಯಾಲೆಂಡರ್ ತೆರೆದು ನವೆಂಬರ್ ತೋರಿಸಿದನಂತೆ. ರಾತ್ರಿ ಹನ್ನೆರಡೂವರೆವರೆಗೆ ಪರವಾಗಿಲ್ಲ ಅಂದಳಂತೆ ಅವಳು. ಆನ್-ಕಾಲ್ ವಾರ ಮಾತ್ರ ಅವನೂ ಫೋನೂ ಹಾಲ್‌ನಲ್ಲಿ ಮಲಗಬೇಕು, ಮಗು ತನ್ನ ಹತ್ತಿರ. ಅವತ್ತೇ ರಾತ್ರಿ ಅಪ್ಲೈ ಮಾಡಿದ.