ಕಮೆಂಟಿನಲ್ಲಿ ಮದ್ದು ಕೇಳುವವರಿಗೆ



ದುಆ, ಮನೆಮದ್ದುಗಳ ವೀಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುವವರು ನಿಮ್ಮಲ್ಲೂ ಇದ್ದೀರಿ. ಕಲೋಂಜಿಯ ಬಗ್ಗೆ ನೀವೊಂದು ವೀಡಿಯೊ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಅದರ ಕೆಳಗೆ ಒಬ್ಬ ತಾಯಿ ಬರೆಯುತ್ತಾಳೆ: "ಅಕ್ಕಾ, ಹನ್ನೆರಡು ವರ್ಷದ ಮಗಳಿಗೆ ಸಕ್ಕರೆ ಕಾಯಿಲೆ. ಕಲೋಂಜಿ ಕೊಟ್ಟರೆ ಇನ್ಸುಲಿನ್ ನಿಲ್ಲಿಸಬಹುದಾ?"

"ಇನ್ಶಾ ಅಲ್ಲಾಹ್ ಗುಣವಾಗುತ್ತದೆ" ಎಂದು ನೀವು ಬರೆದರೆ ಅದು ದುಆ ಎಂದು ನೀವು ಭಾವಿಸುತ್ತೀರಿ. ಆ ತಾಯಿ ಮಾತ್ರ ಅದನ್ನು 'ನಿಲ್ಲಿಸಬಹುದು' ಎಂದೇ ಓದುತ್ತಾಳೆ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ಹೆಚ್ಚಾಗಿ ದೇಹ ತಾನಾಗಿ ಇನ್ಸುಲಿನ್ ತಯಾರಿಸುವುದೇ ಇಲ್ಲ. ಇಂಜೆಕ್ಷನ್ ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಕಾಣಿಸಿಕೊಂಡರೆ ಅದು ಜೀವಕ್ಕೇ ಅಪಾಯ.

ಕಲೋಂಜಿಯಲ್ಲಿ ಶಿಫಾ ಇದೆಯೆಂಬ ಹದೀಸ್ ಸಹೀಹ್ ಆಗಿದೆ. ಆದರೆ ಅದರ ಮಾತು ವ್ಯಾಪಕವಾಗಿದ್ದರೂ ಉದ್ದೇಶ ಕೆಲವು ಕಾಯಿಲೆಗಳಿಗೆ ಸೀಮಿತವೆಂದು ಇಮಾಮ್ ಖತ್ತಾಬಿಯವರು ವಿವರಿಸಿದ್ದಾರೆ. ಇದ್ದ ಮದ್ದನ್ನು ಬಿಡಿ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ವೈದ್ಯ ತಿಳಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ.

ಆದ್ದರಿಂದ ಉತ್ತರ ಹೀಗಿರಲಿ: "ತಂಗೀ, ಇನ್ಸುಲಿನ್ ಒಂದು ಹೊತ್ತೂ ತಪ್ಪಿಸಬೇಡ. ಕಲೋಂಜಿ ಕೊಡುವ ಮುಂಚೆ ಮಗಳ ಡಾಕ್ಟರನ್ನು ಕೇಳು. ಅಲ್ಲಾಹನು ಮಗುವಿಗೆ ಆರೋಗ್ಯ ಕೊಡಲಿ." ಮೊದಲು ಮದ್ದಿನ ಮಾತು, ಆಮೇಲೆ ದುಆ. ಎಷ್ಟು ಚಮಚ, ಎಷ್ಟು ದಿನ ಎಂಬ ಲೆಕ್ಕ ಬೇಡ.

ಇನ್ನೊಬ್ಬರು, "ಕಲೋಂಜಿಯಿಂದ ನನ್ನ ಶುಗರ್ ಮಾಯವಾಯಿತು" ಎಂದು ಬರೆಯುತ್ತಾರೆ. ಅದಕ್ಕೆ ಹಾರ್ಟ್ ಒತ್ತಿದರೆ, ಪಿನ್ ಮಾಡಿ ಮೇಲೆ ನಿಲ್ಲಿಸಿದರೆ ಆ ಮಾತು ನಿಮ್ಮದೇ ಆಗುತ್ತದೆ. ಅವರು ಜೊತೆಗೆ ಮಾತ್ರೆ ನುಂಗುತ್ತಿದ್ದರೋ, ಊಟ ಕಡಿಮೆ ಮಾಡಿದ್ದರೋ ನಿಮಗೆ ಗೊತ್ತಿಲ್ಲ. ಮಾತ್ರೆ ಬಿಟ್ಟೆ ಎಂದಿದ್ದರೆ ಆ ಕಮೆಂಟನ್ನು ಅಳಿಸಿಬಿಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವುಗಳನ್ನು ಗುಣಪಡಿಸುತ್ತೇವೆಂದು ಮದ್ದಿನ ಜಾಹೀರಾತು ಕೊಡುವುದನ್ನೂ, ತಾಯಿತದಿಂದ ರೋಗ ವಾಸಿಯಾಗುತ್ತದೆಂದು ಪ್ರಚಾರ ಮಾಡುವುದನ್ನೂ ನಮ್ಮ ದೇಶದಲ್ಲಿ 1954ರ ಕಾನೂನು ನಿಷೇಧಿಸಿದೆ. ಕಲೋಂಜಿ ಎಣ್ಣೆ ಮಾರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮತ್ತೆ ಕೆಲವರು ತಮ್ಮ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ ಬರೆದು, "ಮದುವೆ ಯಾವಾಗ? ಯಾರು ಮಾಟ ಮಾಡಿಸಿದ್ದಾರೆ?" ಎನ್ನುತ್ತಾರೆ. ಇಂಥ ಕಮೆಂಟನ್ನು ಹಾಗೇ ಬಿಡಬೇಡಿ. ಅದನ್ನು ಕಂಡು ದುಡ್ಡು ಕೀಳುವವರು ಅವರನ್ನು ಹುಡುಕಿಕೊಂಡು ಬರುತ್ತಾರೆ. ಅಳಿಸಿ, ಎಲ್ಲರಿಗೂ ಕಾಣುವಂತೆ ಒಂದು ಮಾತು ಪಿನ್ ಮಾಡಿ: "ಗೈಬ್ ಬಲ್ಲವನು ಅಲ್ಲಾಹನು ಮಾತ್ರ. ಇಲ್ಲಿ ಭವಿಷ್ಯ ಹೇಳುವುದಿಲ್ಲ. ಹೆಸರು, ಜನ್ಮದಿನ ಬರೆಯಬೇಡಿ. ನಿರ್ಧಾರ ಕಷ್ಟವಾದರೆ ಎರಡು ರಕಅತ್ ನಮಾಝ್ ಮಾಡಿ, ಇಸ್ತಿಖಾರದ ದುಆ ನೀವೇ ಓದಿ. ಕಾಯಿಲೆಗೆ ಡಾಕ್ಟರರನ್ನು ಕಾಣಿ."